ಖಾಸಗಿ ಸ್ಟಾರ್ಟಪ್‌ನ ಸ್ಥಾಪಕರು, ಹೂಡಿಕೆ ಸುತ್ತುಗಳು, ಹೂಡಿಕೆದಾರರು: ಸಾರ್ವಜನಿಕ ದಾಖಲೆಗಳಿಂದ ಪತ್ತೆಹಚ್ಚುವ ಕ್ರಮ

ಸ್ಟಾರ್ಟಪ್ ಒಂದು ಇಷ್ಟು ಮಿಲಿಯನ್ ಹೂಡಿಕೆ ಪಡೆಯಿತು ಎಂಬ ಸುದ್ದಿಯಲ್ಲಿ ಬರುವ ಒಂದೇ ಅಂಕಿಯೊಳಗೆ ಸಾಮಾನ್ಯವಾಗಿ ಬೇರೆಬೇರೆ ಸ್ವಭಾವದ ಹಣ ಸೇರಿಕೊಂಡಿರುತ್ತದೆ. ಕಂಪನಿಯ ಖಾತೆಗೆ ಹೊಸದಾಗಿ ಬಂದ ಹಣ, ಹಿಂದಿನ ವರ್ಷವೇ ಬಂದು ಈಗ ಷೇರಾಗಿ ಪರಿವರ್ತನೆಗೊಂಡ ಹಣ, ಮರುಪಾವತಿ ಮಾಡಬೇಕಾದ ಸಾಲ, ಹಳೆಯ ಷೇರುದಾರರು ತಮ್ಮ ಷೇರು ಮಾರಿ ತಾವೇ ಪಡೆದುಕೊಂಡ ಹಣ, ಇವೆಲ್ಲವನ್ನೂ ಕೂಡಿಸಿ ಹೇಳುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. 2018ರ ಮೇ ತಿಂಗಳಲ್ಲಿ ವಾಲ್‌ಮಾರ್ಟ್ ಸಂಸ್ಥೆಯು ಫ್ಲಿಪ್‌ಕಾರ್ಟ್‌ನ ಸುಮಾರು 77 ಶೇಕಡಾ ಪಾಲಿಗಾಗಿ 16 ಶತಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಅದರಲ್ಲಿ ಕಂಪನಿಗೆ ಹೊಸ ಬಂಡವಾಳವಾಗಿ ಬರುವ ಮೊತ್ತ 2 ಶತಕೋಟಿ ಮಾತ್ರ, ಉಳಿದದ್ದು ಹಳೆಯ ಷೇರುದಾರರಿಗೆ ಸಲ್ಲುವ ಹಣ. ಅಲ್ಲಿ ಕೊಳ್ಳುವವರೇ ಈ ಭೇದವನ್ನು ಬಿಡಿಸಿ ಹೇಳಿದ್ದರು. ಹಾಗೆ ಹೇಳದ ಸಂದರ್ಭದಲ್ಲಿ ಅದನ್ನು ನಾವೇ ಬಿಡಿಸಿಕೊಳ್ಳಬೇಕು, ಅದಕ್ಕೆ ಇರುವ ಅತ್ಯಂತ ಗಟ್ಟಿಯಾದ ಆಧಾರವೆಂದರೆ ಷೇರು ಹಂಚಿದಾಗ ಕಂಪನಿಯು ಸರ್ಕಾರಿ ನೋಂದಣಿ ಕಚೇರಿಗೆ ಸಲ್ಲಿಸಲೇಬೇಕಾದ ಪತ್ರ.

ಈ ಮಾರ್ಗದರ್ಶಿಯಲ್ಲಿ ಆ ಪತ್ರವನ್ನೇ ಕೇಂದ್ರವಾಗಿಟ್ಟುಕೊಂಡು ಕೆಲಸವನ್ನು ವಿವರಿಸಿದ್ದೇನೆ. ಮೊದಲು ಬ್ರಿಟನ್ನಿನ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಕಡತಗಳನ್ನು ಓದುವ ಬಗೆಯನ್ನು ಪೂರ್ತಿಯಾಗಿ ನೋಡೋಣ, ಏಕೆಂದರೆ 2015ರ ಜೂನ್‌ನಿಂದ ಅಲ್ಲಿನ ಡಿಜಿಟಲ್ ದಾಖಲೆಗಳು ಎಲ್ಲರಿಗೂ ಉಚಿತವಾಗಿ ತೆರೆದಿವೆ ಮತ್ತು ಒಂದು ಕಂಪನಿಯ ಕಥೆ ಅಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಪುಟದಲ್ಲಿ ಸಿಗುತ್ತದೆ. ಅದನ್ನು ಓದಲು ಬಂದರೆ ಅಮೆರಿಕ ಮತ್ತು ಭಾರತದ ದಾಖಲೆಗಳಲ್ಲಿ ಏನು ಹೆಚ್ಚು, ಏನು ಕಡಿಮೆ ಎಂಬುದನ್ನಷ್ಟೇ ತಿಳಿದುಕೊಂಡರೆ ಸಾಕಾಗುತ್ತದೆ.

ಬ್ರ್ಯಾಂಡಿನಿಂದ ಕಾನೂನುಬದ್ಧ ಹೆಸರಿಗೆ

ನೋಂದಣಿ ಕಚೇರಿಗೆ ಬ್ರ್ಯಾಂಡ್ ಎಂಬುದೇ ಗೊತ್ತಿಲ್ಲ. ಸ್ವಿಗ್ಗಿ ಬಹುಕಾಲ ನೋಂದಣಿಯಲ್ಲಿದ್ದದ್ದು ಬಂಡಲ್ ಟೆಕ್ನಾಲಜೀಸ್ ಎಂಬ ಹೆಸರಿನಲ್ಲಿ, ಓಲಾ ಕ್ಯಾಬ್ಸ್‌ನ ಹಿಂದಿರುವುದು ಎಎನ್‌ಐ ಟೆಕ್ನಾಲಜೀಸ್, ಬೈಜೂಸ್‌ನ ಹಿಂದಿರುವುದು ಥಿಂಕ್ ಅಂಡ್ ಲರ್ನ್. ಬ್ರಿಟನ್ನಿನ ಮೊಂಜೊ ಬ್ಯಾಂಕ್ ಕೂಡ ಆರಂಭದಲ್ಲಿ ಫೋಕಸ್ ಎಫ್‌ಎಸ್ ಲಿಮಿಟೆಡ್ ಎಂದು ನೋಂದಾಯಿತವಾಗಿತ್ತು. ಆದ್ದರಿಂದ ನೋಂದಣಿ ಕಚೇರಿಯ ಹುಡುಕುಪೆಟ್ಟಿಗೆಯಲ್ಲಿ ಬ್ರ್ಯಾಂಡ್ ಹೆಸರನ್ನು ಹಾಕಿ, ಏನೂ ಸಿಗದಿದ್ದಾಗ ದಾಖಲೆಯೇ ಇಲ್ಲವೆಂದು ಕೈಬಿಡುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು. ಅದಕ್ಕಿಂತ ಕೆಟ್ಟದ್ದೆಂದರೆ ಅದೇ ಹೆಸರಿನ ಬೇರೊಂದು ಕಂಪನಿ ಸಿಕ್ಕಿ, ಅದರ ನಿರ್ದೇಶಕರನ್ನೇ ಸ್ಥಾಪಕರೆಂದು ಬರೆದುಕೊಳ್ಳುವುದು.

ಸರಿಯಾದ ಹೆಸರು ಸಿಗುವುದು ಕಂಪನಿಯ ಸ್ವಂತ ಜಾಲತಾಣದ ಬಳಕೆಯ ನಿಯಮಗಳ ಪುಟದಲ್ಲಿ ಮತ್ತು ಗೋಪ್ಯತಾ ನೀತಿಯಲ್ಲಿ. ಗ್ರಾಹಕನೊಡನೆ ಒಪ್ಪಂದ ಮಾಡಿಕೊಳ್ಳುವ ಸಂಸ್ಥೆ ಯಾವುದೆಂದು ಅಲ್ಲಿ ಹೇಳಲೇಬೇಕಾಗುತ್ತದೆ, ಬ್ರಿಟನ್ನಿನಲ್ಲಿ ನೋಂದಣಿ ಸಂಖ್ಯೆಯನ್ನೂ ಕೊಡಬೇಕಾಗುತ್ತದೆ. ಪುಟವನ್ನು ಹುಡುಕಿ ಸುಸ್ತಾಗುವ ಬದಲು ಹುಡುಕುಯಂತ್ರದಲ್ಲಿ ಹೀಗೆ ಕೇಳಬಹುದು. `example.com` ಇರುವಲ್ಲಿ ಆ ಕಂಪನಿಯ ವಿಳಾಸ ಬರಬೇಕು:

```
site:example.com "registered in England"
site:example.com "company number"
```

ಹೆಸರು ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಹೂಡಿಕೆದಾರರು ಷೇರು ಪಡೆದದ್ದು ಈ ಕಂಪನಿಯಲ್ಲೋ, ಇದರ ಮೇಲಿರುವ ಮಾತೃಸಂಸ್ಥೆಯಲ್ಲೋ? ಕೆಲಸಗಾರರೂ ಗ್ರಾಹಕರೂ ಒಂದು ದೇಶದಲ್ಲಿದ್ದು, ಷೇರು ಬಂಡವಾಳವಿರುವ ಕಂಪನಿ ಇನ್ನೊಂದು ದೇಶದಲ್ಲಿರುವುದು ತೀರಾ ಸಾಮಾನ್ಯ. ಫ್ಲಿಪ್‌ಕಾರ್ಟ್‌ನ ವಹಿವಾಟು ಭಾರತದಲ್ಲಿದ್ದರೂ ವಾಲ್‌ಮಾರ್ಟ್ ಕೊಂಡ ಷೇರುಗಳು ಸಿಂಗಾಪುರದ ಮಾತೃಸಂಸ್ಥೆಯವು. ಇದನ್ನು ಗುರುತಿಸುವ ಬಗೆ ಸರಳ. ದೊಡ್ಡ ಹೂಡಿಕೆಯ ಸುದ್ದಿ ಬಂದ ಕಂಪನಿಯ ಷೇರುದಾರರ ಪಟ್ಟಿಯಲ್ಲಿ ಒಂದೇ ಒಂದು ಹೆಸರಿದ್ದು, ಅದು ಇನ್ನೊಂದು ಕಂಪನಿಯದಾಗಿದ್ದರೆ, ನೀವು ಓದುತ್ತಿರುವುದು ಅಂಗಸಂಸ್ಥೆಯ ಕಡತ. ಆಗ ಮೇಲಿನ ಸಂಸ್ಥೆ ಎಲ್ಲಿದೆಯೋ ಆ ದೇಶದ ನೋಂದಣಿ ಕಚೇರಿಗೆ ಹೋಗಬೇಕು. ವಾರ್ಷಿಕ ಲೆಕ್ಕಪತ್ರದ ಕೊನೆಯ ಟಿಪ್ಪಣಿಗಳಲ್ಲಿ ಅಂತಿಮ ಮಾತೃಸಂಸ್ಥೆಯ ಹೆಸರು ಮತ್ತು ದೇಶವನ್ನು ಬರೆದಿರುತ್ತಾರೆ.

ಸ್ಥಾಪಕರು ಯಾರು

ಸ್ಥಾಪಕ ಎಂಬುದು ಕಾನೂನಿನ ಪದವಿಯಲ್ಲ. ಯಾವ ನೋಂದಣಿ ಪುಸ್ತಕದಲ್ಲಿಯೂ ಅದಕ್ಕೆ ಅಂಕಣವಿಲ್ಲ. ಟೆಸ್ಲಾ ಕಂಪನಿಯನ್ನು 2003ರಲ್ಲಿ ನೋಂದಾಯಿಸಿದವರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. 2009ರಲ್ಲಿ ನ್ಯಾಯಾಲಯದ ವ್ಯಾಜ್ಯವೊಂದು ರಾಜಿಯಾದಾಗ ಎಲಾನ್ ಮಸ್ಕ್, ಜೆ.ಬಿ. ಸ್ಟ್ರಾಬೆಲ್ ಮತ್ತು ಇಯಾನ್ ರೈಟ್ ಅವರನ್ನೂ ಸೇರಿಸಿ ಐವರು ತಮ್ಮನ್ನು ಸಹಸ್ಥಾಪಕರೆಂದು ಕರೆದುಕೊಳ್ಳಬಹುದೆಂದು ಒಪ್ಪಂದವಾಯಿತು. ಅಂದರೆ ಈ ಪ್ರಶ್ನೆಗೆ ಎರಡು ಉತ್ತರಗಳಿರುತ್ತವೆ: ಕಂಪನಿ ಯಾರನ್ನು ಸ್ಥಾಪಕರೆನ್ನುತ್ತದೆ ಎಂಬುದು ಒಂದು, ಆರಂಭದಲ್ಲಿ ಷೇರು ಹಿಡಿದು ಹೊಣೆ ಹೊತ್ತವರು ಯಾರು ಎಂಬುದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಉತ್ತರಕ್ಕೆ ಕಂಪನೀಸ್ ಹೌಸ್‌ನಲ್ಲಿ ಕಂಪನಿಯ ಪುಟವನ್ನು ತೆರೆದು, `Filing history` ಎಂಬಲ್ಲಿ ಅತ್ಯಂತ ಹಳೆಯ ಪುಟಕ್ಕೆ ಹೋಗಿ. ಅಲ್ಲಿ ತಳದಲ್ಲಿರುವುದು ನೋಂದಣಿ ಪತ್ರ, ಅದರ ನಮೂನೆಯ ಹೆಸರು `IN01`. ಅದರಲ್ಲಿ ಮೊದಲ ನಿರ್ದೇಶಕರು ಯಾರು, ಮೊದಲ ಷೇರುಗಳನ್ನು ಯಾರು ಎಷ್ಟೆಷ್ಟು ಪಡೆದರು ಎಂಬುದಿರುತ್ತದೆ. ಇಬ್ಬರು ಸಮಪಾಲು ಪಡೆದು ಇಬ್ಬರೂ ನಿರ್ದೇಶಕರಾಗಿದ್ದರೆ ಸ್ಥಾಪಕರ ವಿಷಯ ಹೆಚ್ಚುಕಡಿಮೆ ಮುಗಿದಂತೆಯೇ. ಆದರೆ ಮೊದಲ ಷೇರುದಾರ ಒಂದು ಕಂಪನಿಯಾಗಿದ್ದು, ಅದು ಕೆಲವೇ ದಿನಗಳಲ್ಲಿ ಷೇರನ್ನು ಬೇರೆಯವರಿಗೆ ವರ್ಗಾಯಿಸಿದ್ದರೆ, ಅದು ಕಂಪನಿಗಳನ್ನು ನೋಂದಾಯಿಸಿಕೊಡುವ ಏಜೆಂಟ್ ಸಂಸ್ಥೆಯಿರಬೇಕು. ಆಗ ಮುಂದಿನ ವರ್ಷದ ಷೇರುದಾರರ ಪಟ್ಟಿಯನ್ನೇ ಮೊದಲ ಪಟ್ಟಿಯೆಂದು ಪರಿಗಣಿಸಿ. ಆರಂಭದಲ್ಲಿ ದೊಡ್ಡ ಪಾಲು ಹೊಂದಿದ್ದು ಒಂದೆರಡು ವರ್ಷದಲ್ಲಿ ನಿರ್ದೇಶಕ ಸ್ಥಾನದಿಂದ ಇಳಿದವರು ಕಂಡುಬಂದರೆ, ಕಂಪನಿಯ ಇಂದಿನ ಪರಿಚಯ ಪುಟದಲ್ಲಿ ಹೆಸರಿಲ್ಲದ ಸಹಸ್ಥಾಪಕ ಅವರಾಗಿರುವ ಸಂಭವ ಹೆಚ್ಚು. ಹಳೆಯ ಪರಿಚಯ ಪುಟ ಹೇಗಿತ್ತೆಂದು `web.archive.org`ನಲ್ಲಿ ನೋಡಿದರೆ ಆ ಊಹೆ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಈ ಪತ್ರಗಳಲ್ಲಿ ನಿರ್ದೇಶಕರ ಸಂಪರ್ಕ ವಿಳಾಸ, ಹುಟ್ಟಿದ ತಿಂಗಳು ಮತ್ತು ವರ್ಷ ಕೂಡ ಕಾಣುತ್ತವೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಅವು ಉಪಯುಕ್ತ, ಅದರಾಚೆಗೆ ಅವನ್ನು ನಿಮ್ಮ ಟಿಪ್ಪಣಿಗೆ ಸೇರಿಸಿಕೊಳ್ಳುವ ಅಗತ್ಯವಿಲ್ಲ.

ಹೂಡಿಕೆ ಸುತ್ತುಗಳನ್ನು ಕಟ್ಟಿಕೊಳ್ಳುವುದು

ಇನ್ನು ಮುಖ್ಯ ಕೆಲಸ. ಹೊಸ ಷೇರು ಹಂಚಿದ ಒಂದು ತಿಂಗಳೊಳಗೆ ಬ್ರಿಟಿಷ್ ಕಂಪನಿಯು `SH01` ಎಂಬ ನಮೂನೆಯನ್ನು ಸಲ್ಲಿಸಬೇಕು. ಕಡತಗಳ ಪಟ್ಟಿಯಲ್ಲಿ ಅದು `Statement of capital following an allotment of shares` ಎಂಬ ಸಾಲಾಗಿ ಕಾಣುತ್ತದೆ. ಆ ಸಾಲಿನ ಕೊನೆಯಲ್ಲಿ ಪೌಂಡ್ ಲೆಕ್ಕದ ಒಂದು ಮೊತ್ತವೂ ಇರುತ್ತದೆ. ಹೊಸಬರು ಅದನ್ನೇ ಬಂದ ಹೂಡಿಕೆಯೆಂದು ತಿಳಿಯುತ್ತಾರೆ, ಆದರೆ ಅದು ಅಲ್ಲಿಯವರೆಗೆ ಹಂಚಿರುವ ಎಲ್ಲ ಷೇರುಗಳ ಮುಖಬೆಲೆಯ ಮೊತ್ತ ಮಾತ್ರ. ನಮಗೆ ಬೇಕಾದದ್ದು ಪತ್ರದ ಒಳಗಿದೆ: ಯಾವ ವರ್ಗದ ಷೇರು, ಎಷ್ಟು, ಯಾವ ದಿನ, ಪ್ರತಿ ಷೇರಿಗೆ, ಮುಖಬೆಲೆಯ ಮೇಲೆ ಕೊಡುವ ಹೆಚ್ಚುವರಿ ಹಣವಾದ ಪ್ರೀಮಿಯಂ ಸೇರಿ, ಎಷ್ಟು ಹಣ ಸಂದಾಯವಾಗಿದೆ. ಸಂಖ್ಯೆಯನ್ನು ಬೆಲೆಯಿಂದ ಗುಣಿಸಿದರೆ ಆ ಹಂಚಿಕೆಯ ಮೊತ್ತ ಬರುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿ ನೋಡೋಣ. ಕಂಪನಿ ಕಲ್ಪಿತವಾದದ್ದು, ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಆದರೆ ಪತ್ರಗಳು ಬರುವ ಕ್ರಮ ಮತ್ತು ಅವುಗಳಲ್ಲಿನ ತೊಡಕುಗಳು ನಿಜವಾದ ಕಡತಗಳಲ್ಲಿ ಇರುವಂಥವೇ.

ಇಬ್ಬರು ಸೇರಿ ಕಂಪನಿಯನ್ನು ನೋಂದಾಯಿಸಿ, ತಲಾ 1 ಪೌಂಡ್ ಮುಖಬೆಲೆಯ 100 ಷೇರುಗಳನ್ನು 50-50 ಎಂದು ಹಂಚಿಕೊಂಡಿದ್ದಾರೆ. ಮರುವರ್ಷ `SH02` ಎಂಬ ಪತ್ರ ಬಂದಿದೆ, ಪ್ರತಿ ಷೇರನ್ನು 10,000 ಷೇರುಗಳಾಗಿ ಒಡೆಯಲಾಗಿದೆ. ಈಗ ಒಟ್ಟು 10 ಲಕ್ಷ ಷೇರು, ಮುಖಬೆಲೆ 0.0001 ಪೌಂಡ್, ಹಣವೇನೂ ಬಂದಿಲ್ಲ. ಷೇರು ಒಡೆಯುವ ಈ ಹಂತವನ್ನು ಗಮನಿಸದೆ ಮುಂದೆ ಹೋದರೆ ಆಮೇಲಿನ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಬಳಿಕ ಮೊದಲ `SH01`: ಸಾಮಾನ್ಯ ಷೇರು 2 ಲಕ್ಷ, ಪ್ರತಿ ಷೇರಿಗೆ 1.50 ಪೌಂಡ್. ಅಂದರೆ 3 ಲಕ್ಷ ಪೌಂಡ್ ಬಂದಿದೆ, ಒಟ್ಟು ಷೇರು 12 ಲಕ್ಷ. ಕಡತಗಳ ಪಟ್ಟಿಯಲ್ಲಿ ಮಾತ್ರ ಇದರ ಮುಂದೆ 120 ಪೌಂಡ್ ಎಂದು ಕಾಣುತ್ತದೆ. ಹಂಚಿದ್ದು ಸಾಮಾನ್ಯ ಷೇರು, ಮೊತ್ತ ಸಣ್ಣದು, ಹಾಗಾಗಿ ಇದು ವ್ಯಕ್ತಿಗಳಿಂದ ಬಂದ ಬೀಜ ಬಂಡವಾಳವಿರಬೇಕು.

ಒಂದೂವರೆ ವರ್ಷದ ನಂತರ ಒಂದೇ ವಾರದಲ್ಲಿ ಎರಡು ಹಂಚಿಕೆಗಳು ಕಾಣುತ್ತವೆ. ಒಂದರಲ್ಲಿ ಈ ಸುತ್ತಿನ ಹೂಡಿಕೆದಾರರಿಗೆಂದೇ ಸೃಷ್ಟಿಸಿದ ಸೀರೀಸ್ ಎ ಎಂಬ ವರ್ಗದ 4 ಲಕ್ಷ ಷೇರು, ಬೆಲೆ 10 ಪೌಂಡ್, ಮೊತ್ತ 40 ಲಕ್ಷ ಪೌಂಡ್. ಇನ್ನೊಂದರಲ್ಲಿ ಅದೇ ವರ್ಗದ 1.5 ಲಕ್ಷ ಷೇರು, ಬೆಲೆ 8 ಪೌಂಡ್, ಮೊತ್ತ 12 ಲಕ್ಷ ಪೌಂಡ್. ಒಂದೇ ವಾರ, ಒಂದೇ ವರ್ಗ, ಆದರೆ ಎರಡು ಬೆಲೆ. ಹೀಗಾಗುವುದಕ್ಕೆ ಬಹುಮಟ್ಟಿಗೆ ಒಂದೇ ಕಾರಣವಿರುತ್ತದೆ: ಹಿಂದೆ ಪರಿವರ್ತನೀಯ ಸಾಲ ಅಥವಾ ಮುಂಗಡ ಹೂಡಿಕೆ ಒಪ್ಪಂದದ ರೂಪದಲ್ಲಿ ಬಂದಿದ್ದ ಹಣ ಈಗ 20 ಶೇಕಡಾ ರಿಯಾಯಿತಿಯಲ್ಲಿ ಷೇರಾಗಿದೆ. ಕಂಪನಿಯು 52 ಲಕ್ಷ ಪೌಂಡ್ ಎತ್ತಿದೆಯೆಂದು ಪ್ರಕಟಿಸಿದರೆ ಅದು ಸುಳ್ಳಲ್ಲ, ಆದರೆ ಆ ವಾರ ಬ್ಯಾಂಕಿಗೆ ಬಂದದ್ದು 40 ಲಕ್ಷ. ಉಳಿದ 12 ಲಕ್ಷ ಹಿಂದೆಯೇ ಬಂದು ಖರ್ಚಾಗಿರಲೂಬಹುದು. ಹಿಂದಿನ ವರ್ಷದ ಲೆಕ್ಕಪತ್ರದಲ್ಲಿ ಸಾಲದ ಬಾಬ್ತಿನಲ್ಲಿ ಅಷ್ಟೇ ಮೊತ್ತ ಕಂಡರೆ ಈ ಊಹೆ ದೃಢವಾಗುತ್ತದೆ. ಕಾಣದಿದ್ದರೆ ಊಹೆಯೆಂದೇ ಬರೆದಿಡಬೇಕು.

ಐದು ತಿಂಗಳ ನಂತರ ಮತ್ತೊಂದು `SH01`: ಸೀರೀಸ್ ಎ 1 ಲಕ್ಷ ಷೇರು, ಬೆಲೆ ಅದೇ 10 ಪೌಂಡ್. ಇದು ಹೊಸ ಸುತ್ತಲ್ಲ, ಅದೇ ಸುತ್ತಿನ ಎರಡನೆಯ ಕಂತು. ಉಚಿತವಾಗಿ ಸಿಗುವ ದತ್ತಾಂಶ ಸಂಗ್ರಹಗಳಲ್ಲಿ ಇಂಥದ್ದು ಎರಡು ಸುತ್ತುಗಳಾಗಿ ದಾಖಲಾಗಿರುವುದುಂಟು. ವರ್ಗದ ಹೆಸರು ಮತ್ತು ಬೆಲೆ ಎರಡೂ ಒಂದೇ ಆಗಿದ್ದರೆ ಅದನ್ನು ಒಂದೇ ಸುತ್ತೆಂದು ಎಣಿಸಬೇಕು, ದಿನಾಂಕ ಎಷ್ಟೇ ದೂರವಿದ್ದರೂ.

ಈಗ ಒಟ್ಟು ಷೇರು 18.5 ಲಕ್ಷ. ಅದನ್ನು 10 ಪೌಂಡ್‌ನಿಂದ ಗುಣಿಸಿದರೆ 1.85 ಕೋಟಿ ಪೌಂಡ್ ಬರುತ್ತದೆ. ಸುತ್ತಿನ ನಂತರದ ಮೌಲ್ಯವೆಂದು ಇದನ್ನೇ ಬರೆದುಬಿಡುವ ಮೊದಲು ಉದ್ಯೋಗಿಗಳಿಗೆಂದು ಮೀಸಲಿಟ್ಟ ಷೇರು ಆಯ್ಕೆಗಳನ್ನು, ಅಂದರೆ ಮುಂದೆ ಗೊತ್ತುಪಡಿಸಿದ ಬೆಲೆಗೆ ಷೇರು ಪಡೆಯುವ ಹಕ್ಕುಗಳನ್ನು, ನೆನೆಯಬೇಕು. ಅವು ಇನ್ನೂ ಷೇರಾಗಿಲ್ಲದ ಕಾರಣ ಹಂಚಿಕೆಯ ಪತ್ರಗಳಲ್ಲಿ ಕಾಣುವುದಿಲ್ಲ, ಆದರೆ ಹೂಡಿಕೆದಾರರು ಬೆಲೆ ಮಾತಾಡುವಾಗ ಅವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಲೆಕ್ಕಪತ್ರದ ಷೇರು ಆಧಾರಿತ ಪಾವತಿಯ ಟಿಪ್ಪಣಿಯಲ್ಲಿ 1.5 ಲಕ್ಷ ಆಯ್ಕೆಗಳಿವೆಯೆಂದಿದ್ದರೆ ಒಟ್ಟು 20 ಲಕ್ಷವಾಗಿ, ಮೌಲ್ಯ 2 ಕೋಟಿ ಪೌಂಡ್ ಆಗುತ್ತದೆ. ಇಲ್ಲಿಯೂ ಒಂದು ಮಿತಿಯಿದೆ: ಕಂಪನಿ ಮಾರಾಟವಾದಾಗ ಮೊದಲು ಹಣ ಪಡೆಯುವಂಥ, ಸೀರೀಸ್ ಎ ಷೇರಿಗೆ ಇರುವ ಆದ್ಯತೆಯ ಹಕ್ಕು ಸಾಮಾನ್ಯ ಷೇರಿಗಿಲ್ಲ, ಆದ್ದರಿಂದ ಎಲ್ಲ ಷೇರಿಗೂ 10 ಪೌಂಡ್ ಬೆಲೆ ಕಟ್ಟುವುದು ಉದ್ಯಮದ ರೂಢಿಯೇ ಹೊರತು ನಿಜವಾದ ಬೆಲೆಯಲ್ಲ.

ಹಂಚಿಕೆಯ ಪತ್ರಗಳಲ್ಲಿ ತಪ್ಪುಗಳೂ ಇರುತ್ತವೆ. ಸಂದಾಯವಾದ ಹಣದ ಅಂಕಣದಲ್ಲಿ ಪ್ರೀಮಿಯಂ ಬಿಟ್ಟು ಬರೀ ಮುಖಬೆಲೆ ತುಂಬಿರುವುದು ಅವುಗಳಲ್ಲೊಂದು. ಒಂದು ದೊಡ್ಡ ಸುತ್ತಿನ ನಡುವೆ ಏಕಾಏಕಿ ಪೈಸೆಯ ಬೆಲೆ ಕಂಡರೆ ಮೂರು ಸಾಧ್ಯತೆಗಳು: ಉದ್ಯೋಗಿಗಳು ತಮ್ಮ ಆಯ್ಕೆಯನ್ನು ಷೇರಾಗಿಸಿಕೊಂಡಿದ್ದಾರೆ, ಬೋನಸ್ ಷೇರು ಹಂಚಲಾಗಿದೆ, ಇಲ್ಲವೇ ನಮೂನೆ ತುಂಬುವಾಗ ತಪ್ಪಾಗಿದೆ. ತಪ್ಪಾಗಿದ್ದರೆ ಕೆಲವು ತಿಂಗಳ ನಂತರ `RP04` ಎಂಬ ತಿದ್ದುಪಡಿ ಪತ್ರ ಬಂದಿರಬಹುದು, ಅದನ್ನು ನೋಡದೆ ಎರಡನ್ನೂ ಕೂಡಿಸಿದರೆ ಅದೇ ಹಣವನ್ನು ಎರಡು ಸಲ ಎಣಿಸಿದಂತಾಗುತ್ತದೆ. ವರ್ಷದ ಲೆಕ್ಕಪತ್ರದಲ್ಲಿ ಷೇರು ಪ್ರೀಮಿಯಂ ಖಾತೆ ಎಷ್ಟು ಹೆಚ್ಚಿದೆ ಎಂಬುದನ್ನು ನಿಮ್ಮ ಮೊತ್ತದೊಡನೆ ಹೋಲಿಸಿ. ಷೇರು ಹಂಚಿಕೆಯ ವೆಚ್ಚದಷ್ಟು ಸಣ್ಣ ವ್ಯತ್ಯಾಸ ಸಹಜ, ದೊಡ್ಡ ವ್ಯತ್ಯಾಸವಿದ್ದರೆ ಯಾವುದೋ ಹಂಚಿಕೆ ತಪ್ಪಿಹೋಗಿದೆ.

ಹಣ ಯಾರದು

`SH01` ಪತ್ರದಲ್ಲಿ ಷೇರು ಪಡೆದವರ ಹೆಸರಿಲ್ಲ. ಹೆಸರುಗಳಿರುವುದು ವರ್ಷಕ್ಕೊಮ್ಮೆ ಸಲ್ಲಿಸುವ `CS01` ಎಂಬ ದೃಢೀಕರಣ ಪತ್ರದಲ್ಲಿ. 2016ರ ಜೂನ್ ಅಂತ್ಯಕ್ಕಿಂತ ಹಿಂದಿನವಾದರೆ ಅದರ ಬದಲು `AR01` ಎಂಬ ವಾರ್ಷಿಕ ವರದಿಯಲ್ಲಿ. ಪಟ್ಟಿಯಲ್ಲಿ `with no updates` ಎಂದಿರುವ ದೃಢೀಕರಣ ಪತ್ರವನ್ನು ತೆರೆದು ಪ್ರಯೋಜನವಿಲ್ಲ, `with updates` ಎಂದಿರುವುದನ್ನೇ ಹುಡುಕಬೇಕು. ಸುತ್ತು ಮುಗಿದ ಮೇಲೆ ಬಂದ ಮೊದಲ ಪತ್ರವನ್ನೂ ಸುತ್ತಿಗೆ ಮುಂಚಿನ ಕೊನೆಯ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಎರಡರ ನಡುವಿನ ವ್ಯತ್ಯಾಸವೇ ಹೂಡಿಕೆದಾರರ ಪಟ್ಟಿ.

ನಮ್ಮ ಉದಾಹರಣೆಯಲ್ಲಿ ಸೀರೀಸ್ ಎ ವರ್ಗದಲ್ಲಿ ಹಂಚಿದ ಷೇರು ಒಟ್ಟು 6.5 ಲಕ್ಷ. ಪಟ್ಟಿಯಲ್ಲಿ ಒಂದು ನಿಧಿಯ ಹೆಸರಿನಲ್ಲಿ 3 ಲಕ್ಷ, ಇನ್ನೊಂದರ ಹೆಸರಿನಲ್ಲಿ 2 ಲಕ್ಷ, ಬೇರೆಯವರ ಪರವಾಗಿ ಷೇರು ಇಟ್ಟುಕೊಳ್ಳುವ ನಾಮಿನಿ ಕಂಪನಿಯೊಂದರ ಹೆಸರಿನಲ್ಲಿ 1.2 ಲಕ್ಷ, ಉಳಿದ 30 ಸಾವಿರ ನಾಲ್ಕೈದು ವ್ಯಕ್ತಿಗಳಲ್ಲಿವೆ ಎಂದಿಟ್ಟುಕೊಳ್ಳಿ. ಮೊತ್ತ 6.5 ಲಕ್ಷಕ್ಕೆ ಸರಿಹೊಂದುತ್ತದೆ, ಹಾಗಾಗಿ ಪಟ್ಟಿ ಪೂರ್ಣವಾಗಿದೆ. ಇದೇ ವೇಳೆ ಸ್ಥಾಪಕರ ಸಾಮಾನ್ಯ ಷೇರುಗಳು 10 ಲಕ್ಷದಿಂದ 9.4 ಲಕ್ಷಕ್ಕೆ ಇಳಿದು, ಆ 60 ಸಾವಿರ ಷೇರು ಮೊದಲ ನಿಧಿಯ ಹೆಸರಿಗೆ ಹೋಗಿದ್ದರೆ, ಸ್ಥಾಪಕರು ತಮ್ಮ ಪಾಲಿನ ಒಂದಂಶವನ್ನು ಮಾರಿದ್ದಾರೆಂದು ತಿಳಿಯಬೇಕು. ಆ ಮಾರಾಟ ಯಾವ `SH01`ನಲ್ಲಿಯೂ ಕಾಣುವುದಿಲ್ಲ, ಅದರ ಬೆಲೆಯೂ ಈ ಸಾರ್ವಜನಿಕ ಕಡತಗಳಲ್ಲಿ ದಾಖಲಾಗುವುದಿಲ್ಲ, ಆದರೆ ಪತ್ರಿಕೆಯಲ್ಲಿ ಬಂದ ಸುತ್ತಿನ ಮೊತ್ತದೊಳಗೆ ಅದು ಸೇರಿರಬಹುದು.

ನೇತೃತ್ವ ವಹಿಸಿದ ಹೂಡಿಕೆದಾರರು ಯಾರೆಂಬುದಕ್ಕೆ ಷೇರಿನ ಸಂಖ್ಯೆಯೊಂದೇ ಸಾಕ್ಷಿಯಲ್ಲ. ಸುತ್ತು ಮುಗಿದ ವಾರದಲ್ಲಿ ಕಂಪನಿಯು ಹೊಸ ಆಂತರಿಕ ನಿಯಮಾವಳಿಯನ್ನು ಅಂಗೀಕರಿಸಿ ಸಲ್ಲಿಸಿರುತ್ತದೆ, ನನ್ನ ಅಭಿಪ್ರಾಯದಲ್ಲಿ ಇಡೀ ಕಡತದಲ್ಲಿ ಅತಿ ಕಡಿಮೆ ಜನ ಓದುವ, ಅತಿ ಹೆಚ್ಚು ಮಾಹಿತಿಯುಳ್ಳ ಪತ್ರ ಅದೇ. ಅದರ ಆರಂಭದ ವ್ಯಾಖ್ಯೆಗಳ ಭಾಗದಲ್ಲಿ ನಿರ್ದೇಶಕರನ್ನು ನೇಮಿಸುವ ಹಕ್ಕು ಯಾವ ಹೂಡಿಕೆದಾರರಿಗಿದೆ, ಯಾರ ಒಪ್ಪಿಗೆಯಿಲ್ಲದೆ ಕಂಪನಿಯನ್ನು ಮಾರುವಂತಿಲ್ಲ ಎಂಬುದನ್ನು ಎಷ್ಟೋ ಸಲ ಹೆಸರಿಟ್ಟೇ ಹೇಳಿರುತ್ತಾರೆ. ಅದೇ ವಾರದ `AP01` ಪತ್ರದಲ್ಲಿ ಹೊಸ ನಿರ್ದೇಶಕರೊಬ್ಬರು ಬಂದಿದ್ದು, ಅವರು ಆ ನಿಧಿಯ ಪಾಲುದಾರರೂ ಆಗಿದ್ದರೆ ನೇತೃತ್ವದ ಪ್ರಶ್ನೆ ಬಗೆಹರಿದಂತೆ.

ನಿಯಂತ್ರಣ ಹೊಂದಿದವರ ಪಟ್ಟಿಯೆಂದು ಕಂಪನಿಯ ಪುಟದಲ್ಲಿ ಪ್ರತ್ಯೇಕವಾಗಿ ತೋರಿಸುವ ವಿಭಾಗವನ್ನು ಹೂಡಿಕೆದಾರರ ಪಟ್ಟಿಯೆಂದು ಭ್ರಮಿಸಬಾರದು. 25 ಶೇಕಡಾಕ್ಕಿಂತ ಹೆಚ್ಚು ಪಾಲು ಅಥವಾ ಮತಹಕ್ಕು ಇರುವವರು, ಇಲ್ಲವೇ ಬೇರೆ ಬಗೆಯಲ್ಲಿ ನಿಯಂತ್ರಣ ಇರುವವರು ಮಾತ್ರ ಅಲ್ಲಿ ಬರುತ್ತಾರೆ. ನಮ್ಮ ಉದಾಹರಣೆಯ ಮೊದಲ ನಿಧಿ 3.6 ಲಕ್ಷ ಷೇರು ಹಿಡಿದಿದ್ದರೂ ಅದರ ಪಾಲು 20 ಶೇಕಡಾವನ್ನೂ ಮುಟ್ಟುವುದಿಲ್ಲ.

ಪಟ್ಟಿಯಲ್ಲಿರುವ ನಿಧಿಯ ಹೆಸರಿಗೂ ನಮಗೆ ಪರಿಚಿತವಾದ ಹೂಡಿಕೆ ಸಂಸ್ಥೆಯ ಹೆಸರಿಗೂ ಹಲವು ಸಲ ಸಂಬಂಧವೇ ಕಾಣುವುದಿಲ್ಲ. ನಿಧಿಯ ನಿರ್ವಾಹಕರು ಅಮೆರಿಕದವರಾದರೆ `adviserinfo.sec.gov` ತಾಣದಲ್ಲಿ `Form ADV` ಎಂಬ ಪತ್ರವನ್ನು ತೆರೆದು ನೋಡಬಹುದು. ನೋಂದಾಯಿತ ಸಲಹಾಸಂಸ್ಥೆಗಳು ತಾವು ನಡೆಸುವ ಖಾಸಗಿ ನಿಧಿಗಳನ್ನು ಅದರಲ್ಲಿ ಒಂದೊಂದಾಗಿ ಹೆಸರಿಸಿರುತ್ತವೆ. ನಾಮಿನಿ ಕಂಪನಿಯ ಹಿಂದಿರುವವರು ಯಾರೆಂಬುದು ಮಾತ್ರ ಸಾರ್ವಜನಿಕ ದಾಖಲೆಗಳಿಂದ ಬಹುತೇಕ ತಿಳಿಯುವುದಿಲ್ಲ. ಜನಸಾಮಾನ್ಯರಿಂದ ಸಣ್ಣ ಮೊತ್ತ ಸಂಗ್ರಹಿಸುವ ವೇದಿಕೆಗಳು ಸಾವಿರಾರು ಜನರ ಷೇರನ್ನು ಒಂದೇ ನಾಮಿನಿ ಹೆಸರಿನಲ್ಲಿ ಇಡುವುದರಿಂದ, ಅಂಥ ಹೆಸರನ್ನು ಒಬ್ಬ ದೊಡ್ಡ ಹೂಡಿಕೆದಾರನೆಂದು ಬರೆಯುವುದು ದೊಡ್ಡ ಪ್ರಮಾದ.

ಅಮೆರಿಕದ ಕಂಪನಿಯಾದರೆ

ಡೆಲವೇರ್ ರಾಜ್ಯದಲ್ಲಿ ನೋಂದಾಯಿಸಿದ ಕಂಪನಿಯು ತನ್ನ ಷೇರುದಾರರ ಪಟ್ಟಿಯನ್ನು ಯಾರಿಗೂ ಸಲ್ಲಿಸಬೇಕಿಲ್ಲ. ಅಲ್ಲಿ ನಮಗೆ ಎರಡು ಕಿಂಡಿಗಳಿವೆ. ಮೊದಲನೆಯದು ಷೇರು ವಿನಿಮಯ ನಿಯಂತ್ರಕ ಸಂಸ್ಥೆಯ ಎಡ್ಗರ್ ದಾಖಲೆಕೋಶದಲ್ಲಿರುವ `Form D`. ನೋಂದಣಿಯಿಂದ ವಿನಾಯಿತಿ ಪಡೆದು ಖಾಸಗಿಯಾಗಿ ಷೇರು ಮಾರಿದ ಕಂಪನಿ, ಮೊದಲ ಮಾರಾಟವಾದ 15 ದಿನಗಳೊಳಗೆ ಇದನ್ನು ಸಲ್ಲಿಸಬೇಕು. ಕಂಪನಿಯ ಹಳೆಯ ಹೆಸರುಗಳು, ಅಧಿಕಾರಿಗಳು ಮತ್ತು ನಿರ್ದೇಶಕರು, ಮೊದಲ ಮಾರಾಟದ ದಿನ, ಒಟ್ಟು ಎತ್ತಲು ಉದ್ದೇಶಿಸಿರುವ ಮೊತ್ತ, ಈವರೆಗೆ ಮಾರಿದ ಮೊತ್ತ, ಹೂಡಿದವರ ಸಂಖ್ಯೆ ಇವೆಲ್ಲ ಅದರಲ್ಲಿವೆ. ಹೂಡಿದವರ ಹೆಸರಾಗಲಿ, ಸುತ್ತಿನ ಹೆಸರಾಗಲಿ, ಕಂಪನಿಯ ಮೌಲ್ಯವಾಗಲಿ ಇರುವುದಿಲ್ಲ. ಹೂಡಿಕೆದಾರರ ಸುಳಿವು ಸಿಗುವುದು ನಿರ್ದೇಶಕರ ಹೆಸರಿನಿಂದ: ಹಿಂದಿನ ಪತ್ರದಲ್ಲಿಲ್ಲದ ನಿರ್ದೇಶಕರೊಬ್ಬರು ಈ ಪತ್ರದಲ್ಲಿದ್ದು ಅವರು ಹೂಡಿಕೆ ಸಂಸ್ಥೆಯೊಂದರವರಾಗಿದ್ದರೆ, ಆ ಸಂಸ್ಥೆ ಈ ಸುತ್ತಿನಲ್ಲಿ ಮುಖ್ಯ ಪಾತ್ರ ವಹಿಸಿರಬೇಕು.

ಈ ಪತ್ರವನ್ನು ಓದುವಾಗ ಎರಡು ಕಡೆ ಎಡವುವುದು ಸುಲಭ. ಸ್ಟಾರ್ಟಪ್‌ನ ಹೆಸರನ್ನು ತನ್ನ ಹೆಸರಿನೊಳಗೆ ಸೇರಿಸಿಕೊಂಡ, ಎಲ್‌ಎಲ್‌ಸಿ ಎಂಬ ಸೀಮಿತ ಹೊಣೆಯ ಸಂಸ್ಥೆಯೊಂದು ಬೇರೆಯದೇ `Form D` ಸಲ್ಲಿಸಿರುವುದುಂಟು. ಅದು ಆ ಸ್ಟಾರ್ಟಪ್‌ನಲ್ಲಿ ಹೂಡಲೆಂದೇ ಕೆಲವರು ಹಣ ಕೂಡಿಸಿದ ಕೂಟ, ಪತ್ರದ ಉದ್ಯಮ ವರ್ಗದಲ್ಲಿ `Pooled Investment Fund` ಎಂದು ಗುರುತು ಹಾಕಿರುತ್ತದೆ. ಅದರ ಮೊತ್ತವನ್ನು ಸ್ಟಾರ್ಟಪ್‌ನ ಮೊತ್ತಕ್ಕೆ ಕೂಡಿಸಬಾರದು, ಏಕೆಂದರೆ ಆ ಹಣ ಸ್ಟಾರ್ಟಪ್‌ನ ಪತ್ರದಲ್ಲಿ ಆಗಲೇ ಎಣಿಕೆಯಾಗಿರಬಹುದು. ಎರಡನೆಯದಾಗಿ, `D/A` ಎಂಬುದು ಹಳೆಯ ಪತ್ರದ ತಿದ್ದುಪಡಿ. ಅದರಲ್ಲಿರುವುದು ಹೆಚ್ಚುವರಿ ಮೊತ್ತವಲ್ಲ, ಅಲ್ಲಿಯವರೆಗಿನ ಒಟ್ಟು ಮೊತ್ತ. ಇನ್ನು ಪತ್ರವೇ ಇಲ್ಲವೆಂದರೆ ಸುತ್ತು ನಡೆದಿಲ್ಲವೆಂದು ಅರ್ಥವಲ್ಲ, ಬೇರೆ ಕಾನೂನು ವಿನಾಯಿತಿಯನ್ನು ಆಶ್ರಯಿಸಿ ಇದನ್ನು ಸಲ್ಲಿಸದೆ ಉಳಿಯುವ ಕಂಪನಿಗಳಿವೆ.

ಎರಡನೆಯ ಕಿಂಡಿ ಡೆಲವೇರ್ ರಾಜ್ಯಕ್ಕೆ ಸಲ್ಲಿಸಿದ ತಿದ್ದುಪಡಿಯಾದ ನೋಂದಣಿ ಪ್ರಮಾಣಪತ್ರ. ಶುಲ್ಕ ಕೊಟ್ಟರೆ ಇದರ ಪ್ರತಿ ಯಾರಿಗಾದರೂ ಸಿಗುತ್ತದೆ. ಪ್ರತಿ ಸುತ್ತಿನ ಆದ್ಯತಾ ಷೇರು ಎಷ್ಟು ಹಂಚಲು ಅನುಮತಿಯಿದೆ, ಅದರ ಮೂಲ ಬೆಲೆ ಎಷ್ಟು ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. ಎರಡನ್ನೂ ಗುಣಿಸಿದರೆ ಆ ಸುತ್ತು ಮೀರಲಾರದ ಗರಿಷ್ಠ ಮೊತ್ತ ಸಿಗುತ್ತದೆ. ನಿಜವಾಗಿ ಬಂದದ್ದು ಅದಕ್ಕಿಂತ ಕಡಿಮೆಯಿರಬಹುದು. ಇಲ್ಲಿ ಸಿಗುವ ಬೆಲೆ ಹಿಂದಿನ ಸುತ್ತಿನ ಬೆಲೆಗಿಂತ ಕಡಿಮೆಯಾಗಿದ್ದರೆ, ನಡುವೆ ಷೇರು ಒಡೆದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಕಂಪನಿ ಕಡಿಮೆ ಮೌಲ್ಯಕ್ಕೆ ಹಣ ಎತ್ತಿದೆಯೆಂದು ಹೇಳಬಹುದು. ಅಂಥ ಸುದ್ದಿಯನ್ನು ಕಂಪನಿಗಳು ತಾವಾಗಿ ಪ್ರಕಟಿಸುವುದು ಅಪರೂಪ.

ಭಾರತದ ಕಂಪನಿಯಾದರೆ

ಇಲ್ಲಿ ಪರಿಸ್ಥಿತಿ ಬ್ರಿಟನ್ನಿಗಿಂತಲೂ ಅನುಕೂಲಕರವೆನ್ನಬಹುದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ `View Public Documents` ಎಂಬ ಸೇವೆಯ ಮೂಲಕ, ಶುಲ್ಕ ತೆತ್ತು, ಕಂಪನಿಯ ಪತ್ರಗಳನ್ನು ತೆರೆಯಬಹುದು. ಅವುಗಳಲ್ಲಿ ನಮಗೆ ಬೇಕಾದದ್ದು `PAS-3`, ಅಂದರೆ ಷೇರು ಹಂಚಿಕೆಯ ವರದಿ. ಇದಕ್ಕೆ ಷೇರು ಪಡೆದವರ ಹೆಸರಿನ ಪಟ್ಟಿಯನ್ನೂ ಲಗತ್ತಿಸಬೇಕಾದ್ದರಿಂದ ಮೊತ್ತ ಮತ್ತು ಹೂಡಿಕೆದಾರ ಎರಡೂ ಒಂದೇ ಕಡೆ ಸಿಗುತ್ತವೆ. ಖಾಸಗಿ ಹಂಚಿಕೆಯಾದರೆ 15 ದಿನಗಳೊಳಗೆ ಸಲ್ಲಿಸಬೇಕು, ಸಲ್ಲಿಸುವವರೆಗೆ ಬಂದ ಹಣವನ್ನು ಬಳಸುವಂತಿಲ್ಲ ಎಂಬ ಕಟ್ಟಳೆಯೂ ಇರುವುದರಿಂದ ಕಂಪನಿಗಳು ಇದನ್ನು ಸಾಮಾನ್ಯವಾಗಿ ತಡಮಾಡುವುದಿಲ್ಲ. ಪತ್ರಿಕಾ ಪ್ರಕಟಣೆಗಿಂತ ವಾರಗಳ ಮೊದಲೇ ಸುತ್ತಿನ ವಿವರ ಹೊರಬೀಳುವುದು ಇದರಿಂದಲೇ.

ಭಾರತದಲ್ಲಿ ಹೂಡಿಕೆದಾರರು ಪಡೆಯುವುದು ಬಹುತೇಕ ಕಡ್ಡಾಯವಾಗಿ ಪರಿವರ್ತನೆಯಾಗುವ ಆದ್ಯತಾ ಷೇರು. ಒಂದು ಆದ್ಯತಾ ಷೇರಿಗೆ ಒಂದೇ ಸಾಮಾನ್ಯ ಷೇರು ಬರುತ್ತದೆಂದು ಭಾವಿಸಿ ಪಾಲನ್ನು ಲೆಕ್ಕ ಹಾಕಿದರೆ ಉತ್ತರ ತಪ್ಪಬಹುದು, ಏಕೆಂದರೆ ಪರಿವರ್ತನೆಯ ಅನುಪಾತವನ್ನು ಆ ಹಂಚಿಕೆಗೆ ಅನುಮತಿ ನೀಡಿದ ವಿಶೇಷ ನಿರ್ಣಯದಲ್ಲಿ ನಿಗದಿಪಡಿಸಿರುತ್ತಾರೆ. ಆ ನಿರ್ಣಯ `MGT-14` ಪತ್ರದೊಡನೆ ಸಿಗುತ್ತದೆ.

ಬರೆದಿಡುವ ಬಗೆ

ಪ್ರತಿ ಹಂಚಿಕೆಗೂ ಒಂದು ಸಾಲು ಇಟ್ಟುಕೊಂಡು, ಹಂಚಿಕೆಯ ದಿನ, ಪತ್ರ ಸಲ್ಲಿಸಿದ ದಿನ ಮತ್ತು ಪತ್ರಿಕೆಗಳಲ್ಲಿ ಪ್ರಕಟವಾದ ದಿನ ಈ ಮೂರನ್ನೂ ಬೇರೆಬೇರೆ ಅಂಕಣಗಳಲ್ಲಿ ಬರೆಯಿರಿ. ಇವುಗಳ ನಡುವೆ ತಿಂಗಳುಗಳ ಅಂತರವಿರುವುದರಿಂದ ಒಂದೇ ಸುತ್ತು ಎರಡು ಸುತ್ತಾಗಿ ಕಾಣುವ ಅಪಾಯವಿದೆ. ಪತ್ರದಲ್ಲಿ ಇದ್ದದ್ದು ಯಾವುದು, ಗುಣಿಸಿ ಬಂದದ್ದು ಯಾವುದು, ಊಹೆ ಯಾವುದು ಎಂಬುದಕ್ಕೂ ಒಂದು ಅಂಕಣವಿರಲಿ. ಕ್ರಂಚ್‌ಬೇಸ್‌ನಂಥ ದತ್ತಾಂಶ ಸಂಗ್ರಹಗಳನ್ನು ಯಾವ ಹೆಸರನ್ನು ಹುಡುಕಬೇಕೆಂಬ ಸುಳಿವಿಗಾಗಿ ಧಾರಾಳವಾಗಿ ಬಳಸಬಹುದು, ಆದರೆ ಅಲ್ಲಿನ ಅಂಕಿಯೂ ಪತ್ರಿಕೆಯ ಅಂಕಿಯೂ ಒಂದೇ ಪ್ರಕಟಣೆಯಿಂದ ಬಂದಿದ್ದರೆ ಅವು ಎರಡು ಸಾಕ್ಷಿಗಳಾಗುವುದಿಲ್ಲ.

ಷೇರಾಗಿ ಪರಿವರ್ತನೆಯಾಗದ ಮುಂಗಡ ಹಣ ಯಾವ ಷೇರುದಾರರ ಪಟ್ಟಿಯಲ್ಲಿಯೂ ಇಲ್ಲ. ಆದ್ದರಿಂದ ನಿಮ್ಮ ಒಟ್ಟು ಮೊತ್ತ ಕಂಪನಿ ಹೇಳುವುದಕ್ಕಿಂತ ಕಡಿಮೆ ಬಂದಾಗ, ಕಂಪನಿ ಉಬ್ಬಿಸಿ ಹೇಳಿದೆಯೆಂದು ತೀರ್ಮಾನಿಸುವ ಮೊದಲು ಆ ಸಾಧ್ಯತೆಯನ್ನೂ, ಸಾಲದ ಸಾಧ್ಯತೆಯನ್ನೂ ಪರಿಶೀಲಿಸಬೇಕು. ಬ್ರಿಟನ್ನಿನಲ್ಲಿ ಆಸ್ತಿಯ ಮೇಲೆ ಹಕ್ಕು ಇಟ್ಟುಕೊಂಡು ಸಾಲ ಕೊಟ್ಟವರ ಹೆಸರು `MR01` ಪತ್ರದಲ್ಲಿ ಸಿಗುತ್ತದೆ, ಅದರ ಗಡುವು 21 ದಿನ. ಮುಂಗಡ ಹಣವಾದರೆ ಮುಂದಿನ ಬೆಲೆಕಟ್ಟಿದ ಸುತ್ತಿನವರೆಗೆ ಕಾಯುವುದೇ ದಾರಿ. ಕಂಪನೀಸ್ ಹೌಸ್‌ನ ಪುಟದಲ್ಲಿ ಮುಂದಿನ ದೃಢೀಕರಣ ಪತ್ರ ಯಾವ ದಿನಾಂಕದೊಳಗೆ ಬರಬೇಕೆಂದು ಮೊದಲೇ ತೋರಿಸಿರುತ್ತಾರೆ. ಆ ದಿನಾಂಕವನ್ನು ಗುರುತುಹಾಕಿಕೊಂಡು, ಅದು ಬಂದ ಮೇಲೆ ಷೇರುದಾರರ ಪಟ್ಟಿಯನ್ನು ಮತ್ತೊಮ್ಮೆ ಹೋಲಿಸಿ ನೋಡಿ.